ಉತ್ತರ ಎಷ್ಟು ಅಂತಲ್ಲ, ಮಾಹಿತಿ ಸಾಕಾ ಅಂತ ಕೇಳುವ ಪ್ರಶ್ನೆಗಳು

ಈ ಪುಟ್ಟ ಪ್ರಶ್ನೆ ನೋಡಿ.

x ನ ಬೆಲೆ ಎಷ್ಟು?
(1) x² = 9
(2) x > 0

ಮಾಮೂಲಿ ಗಣಿತದ ಪರೀಕ್ಷೆಯಾಗಿದ್ದರೆ 3 ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗಬಹುದಿತ್ತು. ಇಲ್ಲಿ ಹಾಗಲ್ಲ. ಕೊಟ್ಟಿರುವ ಆಯ್ಕೆಗಳಲ್ಲಿ 3 ಎಂಬುದೇ ಇರುವುದಿಲ್ಲ. ಕೇಳುತ್ತಿರುವುದು ಇಷ್ಟೇ: ಉತ್ತರ ಹೇಳಲು ಮೊದಲ ಹೇಳಿಕೆ ಸಾಕೇ, ಎರಡನೆಯದು ಸಾಕೇ, ಎರಡೂ ಸೇರಿದರೆ ಸಾಕೇ, ಅಥವಾ ಸೇರಿದರೂ ಸಾಲದೇ?

ಇವನ್ನು ಡೇಟಾ ಸಫಿಶಿಯೆನ್ಸಿ ಪ್ರಶ್ನೆಗಳು ಎನ್ನುತ್ತಾರೆ. ಮ್ಯಾನೇಜ್‌ಮೆಂಟ್ ಕೋರ್ಸುಗಳಿಗೆ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಇವು ಬಹಳ ಕಾಲದಿಂದ ಇವೆ. ಬೇರೆ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲೂ ಆಗಾಗ ಎದುರಾಗುತ್ತವೆ. ಬೇಕಾಗುವ ಗಣಿತ ಹೈಸ್ಕೂಲಿನದೇ. ಆದರೂ ಗಣಿತ ಚೆನ್ನಾಗಿ ಬರುವವರೂ ಇಲ್ಲಿ ಎಡವುತ್ತಾರೆ. ಯಾಕೆಂದರೆ ಅವರ ಕೈ ತಾನಾಗಿಯೇ ಉತ್ತರ ಹುಡುಕಲು ಹೊರಡುತ್ತದೆ. ಕೊಟ್ಟ ಮಾಹಿತಿಯನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಮಾಡಿಬಿಡುತ್ತದೆ.

## ಐದು ಆಯ್ಕೆಗಳು

ಜಿಮ್ಯಾಟ್ ಮಾದರಿಯಲ್ಲಿ ಆಯ್ಕೆಗಳು ಪ್ರತಿ ಪ್ರಶ್ನೆಗೂ ಅವೇ. ಮೊದಲನೆಯದು ಒಂದೇ ಸಾಕು, ಎರಡನೆಯದು ಒಂದೇ ಸಾಲದು ಎಂದಾದರೆ ಎ. ಎರಡನೆಯದು ಒಂದೇ ಸಾಕು, ಮೊದಲನೆಯದು ಸಾಲದು ಎಂದಾದರೆ ಬಿ. ಬಿಡಿಯಾಗಿ ಯಾವುದೂ ಸಾಲದು, ಸೇರಿದರೆ ಮಾತ್ರ ಸಾಕು ಎಂದಾದರೆ ಸಿ. ಯಾವುದೇ ಒಂದನ್ನು ತೆಗೆದುಕೊಂಡರೂ ಸಾಕು ಎಂದಾದರೆ ಡಿ. ಸೇರಿಸಿದರೂ ಸಾಲದು ಎಂದಾದರೆ ಇ.

ಬೇರೆ ಪರೀಕ್ಷೆಗಳಲ್ಲಿ ಈ ಕ್ರಮ ಬದಲಾಗಬಹುದು, ಕೆಲವು ಕಡೆ ಮಾತುಗಳೂ ಬೇರೆ ಇರಬಹುದು. ಹಾಗಾಗಿ ಆಯ್ಕೆಗಳನ್ನು ಅಲ್ಲೇ ಒಮ್ಮೆ ಓದಿಕೊಳ್ಳಬೇಕು. ಈ ಲೇಖನದಲ್ಲಿ ಮೇಲಿನ ಕ್ರಮವನ್ನೇ ಇಟ್ಟುಕೊಳ್ಳೋಣ.

ಈ ಕ್ರಮದಿಂದ ಒಂದು ಅನುಕೂಲವಿದೆ. ಮೊದಲ ಹೇಳಿಕೆ ಒಂದೇ ಸಾಕು ಎಂದು ಗೊತ್ತಾದರೆ ಉಳಿಯುವುದು ಎ ಮತ್ತು ಡಿ ಮಾತ್ರ. ಸಾಲದು ಎಂದಾದರೆ ಬಿ, ಸಿ, ಇ ಮಾತ್ರ. ಅಂದರೆ ಒಂದೇ ಹೇಳಿಕೆಯನ್ನು ಸರಿಯಾಗಿ ತೂಗಿದರೆ ಎರಡೋ ಮೂರೋ ಆಯ್ಕೆಗಳು ಅಲ್ಲೇ ಬಿದ್ದುಹೋಗುತ್ತವೆ. ಮೊದಲನೆಯದು ಗೋಜಲಾಗಿದ್ದರೆ ಎರಡನೆಯದರಿಂದ ಶುರು ಮಾಡಿದರೂ ಆಯಿತು. ಆಗ ಎರಡನೆಯದು ಸಾಕಾದರೆ ಬಿ ಅಥವಾ ಡಿ, ಸಾಲದಾದರೆ ಎ, ಸಿ ಅಥವಾ ಇ.

## 'ಸಾಕು' ಎಂದರೆ ಏನು?

ಒಂದೇ ಒಂದು ಉತ್ತರ ಬರಬೇಕು. ಅದೇ 'ಸಾಕು'. ಎರಡು ಉತ್ತರಗಳಿಗೆ ಜಾಗವಿದ್ದರೂ ಸಾಲದು.

ಮೇಲಿನ ಪ್ರಶ್ನೆಯಲ್ಲಿ x² = 9 ಎಂದರೆ x 3 ಆಗಬಹುದು, −3 ಕೂಡ ಆಗಬಹುದು. ಎರಡು ಬೆಲೆ ಬಂತು, ಸಾಲದು. x > 0 ಎಂದಷ್ಟೇ ಹೇಳಿದರೆ ಲೆಕ್ಕವಿಲ್ಲದಷ್ಟು ಬೆಲೆಗಳಿವೆ, ಅದೂ ಸಾಲದು. ಎರಡನ್ನೂ ಸೇರಿಸಿದರೆ 3 ಮಾತ್ರ ಉಳಿಯುತ್ತದೆ. ಉತ್ತರ ಸಿ.

ಇನ್ನೊಂದು ಬಗೆಯ ಪ್ರಶ್ನೆ ಹೌದು ಅಥವಾ ಇಲ್ಲ ಎಂಬ ಉತ್ತರ ಕೇಳುತ್ತದೆ. 'n ಸಮಸಂಖ್ಯೆಯೇ?' ಎಂಬಂಥದ್ದು. ಹೇಳಿಕೆ 'n ಎಂಬುದು 2 ಕ್ಕಿಂತ ದೊಡ್ಡದಾದ ಅವಿಭಾಜ್ಯ ಸಂಖ್ಯೆ' ಎಂದಿದೆ ಅನ್ನಿ. ಅಂಥ ಯಾವ ಸಂಖ್ಯೆಯೂ ಸಮಸಂಖ್ಯೆಯಲ್ಲ. ಹಾಗಾಗಿ ಉತ್ತರ ಯಾವಾಗಲೂ 'ಇಲ್ಲ'. ಖಚಿತವಾದ 'ಇಲ್ಲ' ಸಿಕ್ಕಿತು ಎಂದರೆ ಮಾಹಿತಿ ಸಾಕಾಯಿತು. ಉತ್ತರ 'ಇಲ್ಲ' ಎಂದು ಬಂದ ಕೂಡಲೇ ಹೇಳಿಕೆ ಸಾಲದು ಎಂದುಕೊಂಡುಬಿಡುವುದು ತುಂಬಾ ಜನ ಮಾಡುವ ತಪ್ಪು. ಕೆಲವೊಮ್ಮೆ ಹೌದು, ಕೆಲವೊಮ್ಮೆ ಇಲ್ಲ ಎಂದು ಬಂದಾಗ ಮಾತ್ರ ಸಾಲದು.

## ಹೇಳಿಕೆಗೆ ಹೋಗುವ ಮುಂಚೆ ಪ್ರಶ್ನೆಯನ್ನು ಬಿಡಿಸಿಕೊಳ್ಳಿ

ಹೇಳಿಕೆಗಳನ್ನು ಓದುವ ಮೊದಲು ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ನಿಜವಾಗಿ ಏನು ಗೊತ್ತಾದರೆ ಸಾಕು ಎಂದು ಕೇಳಿಕೊಳ್ಳಬೇಕು. 'x + y ಎಷ್ಟು?' ಎಂಬ ಪ್ರಶ್ನೆಗೆ x ಮತ್ತು y ಬೇರೆ ಬೇರೆಯಾಗಿ ಗೊತ್ತಾಗಬೇಕಾಗಿಲ್ಲ. 2x + 2y = 14 ಎಂಬ ಒಂದೇ ಸಾಲು ಸಾಕು, ಮೊತ್ತ 7. ಎರಡು ಅಪರಿಚಿತ ಸಂಖ್ಯೆಗಳಿವೆ, ಎರಡು ಸಮೀಕರಣ ಬೇಕೇ ಬೇಕು ಎಂದು ಹೊರಟವರು ಇಲ್ಲಿ ತಪ್ಪುತ್ತಾರೆ.

ಪ್ರಶ್ನೆಯಲ್ಲೇ ಅಡಗಿರುವ ಕಟ್ಟುಪಾಡುಗಳನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಪೂರ್ಣಾಂಕವೇ, ಧನಸಂಖ್ಯೆಯೇ, ಸೊನ್ನೆ ಬರಬಹುದೇ? ಎಣಿಸುವ ವಸ್ತುಗಳಾದರೆ ಪೂರ್ಣಾಂಕ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೂ ಅದು ಅಲ್ಲಿರುತ್ತದೆ. ಈ ಒಂದು ಸಂಗತಿ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂದು ಇನ್ನು ಸ್ವಲ್ಪ ಹೊತ್ತಿನಲ್ಲೇ ನೋಡುತ್ತೇವೆ.

## ಒಂದು ಸಲಕ್ಕೆ ಒಂದೇ ಹೇಳಿಕೆ

ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ವಿಚಾರಿಸುತ್ತಿದ್ದೀರಿ ಎಂದುಕೊಳ್ಳಿ. ಇಬ್ಬರೂ ಹೇಳುವುದು ಪೂರ್ತಿ ನಿಜ. ಎರಡನೆಯವರ ಮುಂದೆ ಕೂತಾಗ ಮೊದಲನೆಯವರು ಹೇಳಿದ್ದನ್ನು ಬಳಸುವಂತಿಲ್ಲ. ಇವರ ಮಾತು ಒಂದರಿಂದಲೇ ಪ್ರಕರಣ ಬಗೆಹರಿಯುತ್ತದೆಯೇ ಎಂಬುದಷ್ಟೇ ನಿಮ್ಮ ಕೆಲಸ. ಇಬ್ಬರನ್ನೂ ಒಟ್ಟಿಗೆ ಕರೆಸುವುದು ಇಬ್ಬರ ಮಾತೂ ಬಿಡಿಯಾಗಿ ಸಾಲದು ಎಂದು ಖಾತ್ರಿಯಾದ ಮೇಲೆ.

ಹೇಳುವುದು ಸುಲಭ, ಮಾಡುವುದು ಕಷ್ಟ. ಮೊದಲ ಹೇಳಿಕೆಯಲ್ಲಿ ಓದಿದ್ದು ತಲೆಯಲ್ಲೇ ಕೂತಿರುತ್ತದೆ. ಎರಡನೆಯದನ್ನು ಪರೀಕ್ಷಿಸುವಾಗ ನಮಗೆ ಗೊತ್ತಾಗದಂತೆ ನುಸುಳಿಬಿಡುತ್ತದೆ. ಇದಕ್ಕೆ ಸರಳ ಉಪಾಯವೆಂದರೆ ಹಾಳೆಯ ಮೇಲೆ ಎರಡು ಬೇರೆ ಜಾಗ ಮಾಡಿಕೊಳ್ಳುವುದು. ಎರಡನೆಯದಕ್ಕೆ ಹೋದಾಗ ಮೂಲ ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಓದಿ, ಪ್ರಶ್ನೆಯಲ್ಲಿರುವುದನ್ನು ಮಾತ್ರ ಹೊಸದಾಗಿ ಬರೆದುಕೊಳ್ಳುವುದು.

## ಪೆಟ್ಟಿಗೆಗಳ ಲೆಕ್ಕ

ಈಗ ಒಂದು ಪ್ರಶ್ನೆಯನ್ನು ನಿಧಾನವಾಗಿ ಬಿಡಿಸೋಣ. ಈ ಬಗೆಯ ಪ್ರಶ್ನೆಗಳಲ್ಲಿ ಬಹಳ ಜನ ಬೀಳುವ ಗುಂಡಿ ಇದರಲ್ಲಿದೆ.

ಒಂದು ಗಾಡಿಯಲ್ಲಿ ಕೆಂಪು ಮತ್ತು ನೀಲಿ ಪೆಟ್ಟಿಗೆಗಳಿವೆ. ಪ್ರತಿ ಕೆಂಪು ಪೆಟ್ಟಿಗೆ 7 ಕಿಲೋ, ಪ್ರತಿ ನೀಲಿ ಪೆಟ್ಟಿಗೆ 4 ಕಿಲೋ. ಕೆಂಪು ಪೆಟ್ಟಿಗೆಗಳು ಎಷ್ಟು?
(1) ಒಟ್ಟು 8 ಪೆಟ್ಟಿಗೆಗಳಿವೆ.
(2) ಪೆಟ್ಟಿಗೆಗಳ ಒಟ್ಟು ತೂಕ 41 ಕಿಲೋ.

ಕೆಂಪು x, ನೀಲಿ y ಎಂದಿಟ್ಟುಕೊಳ್ಳೋಣ. ಮೊದಲ ಹೇಳಿಕೆ x + y = 8 ಎನ್ನುತ್ತದೆ. ಕೆಂಪು 3, ನೀಲಿ 5 ಇರಬಹುದು. ಕೆಂಪು 4, ನೀಲಿ 4 ಕೂಡ ಇರಬಹುದು. ಎರಡು ಉತ್ತರ ಬಂತು, ಸಾಲದು. ಎ ಮತ್ತು ಡಿ ಹೋದವು.

ಎರಡನೆಯದು 7x + 4y = 41. ಇಲ್ಲಿ ಕೈ ಏನು ಮಾಡುತ್ತದೆ ಗೊತ್ತಾ? ಎರಡು ಅಪರಿಚಿತ ಸಂಖ್ಯೆಗಳು, ಒಂದೇ ಸಮೀಕರಣ, ಇದೂ ಸಾಲದು ಎಂದು ಗೀಟು ಹಾಕಿಬಿಡುತ್ತದೆ. ಆಮೇಲೆ ಎರಡನ್ನೂ ಸೇರಿಸಿ ಬಿಡಿಸಿದರೆ x = 3, y = 5 ಎಂದು ಅಚ್ಚುಕಟ್ಟಾಗಿ ಬರುತ್ತದೆ. ಲೆಕ್ಕ ಸರಿಹೋಯಿತು ಎಂಬ ಸಮಾಧಾನದಲ್ಲಿ ಸಿ ಎಂದು ಗುರುತು ಹಾಕುತ್ತೇವೆ. ತಪ್ಪು.

ಪೆಟ್ಟಿಗೆಗಳನ್ನು ಅರ್ಧ, ಮುಕ್ಕಾಲು ಎಂದು ಎಣಿಸಲಾಗದು ಅಲ್ವಾ? x ಮತ್ತು y ಎರಡೂ ಪೂರ್ಣಾಂಕಗಳಾಗಿರಬೇಕು, ಸೊನ್ನೆಗಿಂತ ಕೆಳಗೆ ಹೋಗಬಾರದು. ಈ ಕಟ್ಟುಪಾಡು ಇಟ್ಟುಕೊಂಡು ಎರಡನೆಯ ಹೇಳಿಕೆಯನ್ನು ಮತ್ತೆ ನೋಡಿ. ಕೆಂಪು 0 ಇದ್ದರೆ ನೀಲಿಗೆ 41 ಕಿಲೋ ಉಳಿಯುತ್ತದೆ, 4 ರಿಂದ ಭಾಗವಾಗದು. 1 ಇದ್ದರೆ 34, ಆಗದು. 2 ಇದ್ದರೆ 27, ಆಗದು. 3 ಇದ್ದರೆ 20, ಅಂದರೆ ಐದು ನೀಲಿ ಪೆಟ್ಟಿಗೆ. 4 ಇದ್ದರೆ 13, 5 ಇದ್ದರೆ 6, ಎರಡೂ ಆಗದು. 6 ಕೆಂಪು ಪೆಟ್ಟಿಗೆ ಇಟ್ಟರೆ ಅವುಗಳ ತೂಕವೇ 42 ಕಿಲೋ, ಮಿತಿ ದಾಟಿತು. ಉಳಿದದ್ದು x = 3 ಒಂದೇ. ಎರಡನೆಯ ಹೇಳಿಕೆ ತಾನೊಂದೇ ಸಾಕು. ಉತ್ತರ ಬಿ.

ಹೀಗೆ ಒಂದೊಂದೇ ಹಾಕಿ ನೋಡುವುದು ಬೇಸರವೆನಿಸಿದರೆ ಇನ್ನೊಂದು ದಾರಿ ಇದೆ. ಇದರಲ್ಲಿ ಕಾರಣವೂ ಕಾಣುತ್ತದೆ. ತೂಕ ಬದಲಾಗದಂತೆ ಪೆಟ್ಟಿಗೆಗಳನ್ನು ಅದಲು ಬದಲು ಮಾಡಬೇಕೆಂದರೆ 4 ಕೆಂಪು ತೆಗೆದು 7 ನೀಲಿ ಇಡಬೇಕು, ಎರಡೂ ಕಡೆ 28 ಕಿಲೋ. 7 ಮತ್ತು 4 ಕ್ಕೆ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲದಿರುವುದರಿಂದ ಇದಕ್ಕಿಂತ ಚಿಕ್ಕ ಅದಲು ಬದಲು ಸಾಧ್ಯವಿಲ್ಲ. ಒಂದು ಉತ್ತರ ಸಿಕ್ಕ ಮೇಲೆ ಇನ್ನೊಂದು ಇದೆಯೇ ಎಂದು ನೋಡಲು ಈ ಅದಲು ಬದಲನ್ನು ಎರಡೂ ದಿಕ್ಕಿಗೆ ಮಾಡಿ ನೋಡಿದರಾಯಿತು. ನಮ್ಮ ಬಳಿ 3 ಕೆಂಪು, 5 ನೀಲಿ. 4 ಕೆಂಪು ತೆಗೆಯೋಣವೆಂದರೆ ಇರುವುದೇ 3. 7 ನೀಲಿ ತೆಗೆಯೋಣವೆಂದರೆ ಇರುವುದೇ 5. ಎರಡೂ ದಿಕ್ಕಿನಲ್ಲಿ ದಾರಿ ಮುಚ್ಚಿದೆ, ಹಾಗಾಗಿ ಉತ್ತರ ಒಂದೇ.

## ಅದೇ ಪ್ರಶ್ನೆ, ಬೇರೆ ತೂಕ

ಹಾಗಾದರೆ ಪೂರ್ಣಾಂಕ ಕಂಡಲ್ಲೆಲ್ಲ ಒಂದೇ ಸಮೀಕರಣ ಸಾಕೇ? ಖಂಡಿತ ಇಲ್ಲ. ಮೇಲಿನ ಪ್ರಶ್ನೆಯಲ್ಲಿ 41 ಕಿಲೋ ಬದಲು 69 ಕಿಲೋ, 8 ಪೆಟ್ಟಿಗೆ ಬದಲು 12 ಪೆಟ್ಟಿಗೆ ಎಂದು ಬದಲಿಸಿ. 7 ಕೆಂಪು, 5 ನೀಲಿ ಸೇರಿದರೆ 69 ಆಗುತ್ತದೆ. ಈಗ 4 ಕೆಂಪು ತೆಗೆದು 7 ನೀಲಿ ಇಡಲು ಜಾಗವಿದೆ. 3 ಕೆಂಪು, 12 ನೀಲಿ, ಅದೂ 69 ಕಿಲೋನೇ. ಎರಡು ಉತ್ತರ ಬಂತು, ತೂಕ ಒಂದೇ ಸಾಲದು. ಒಟ್ಟು 12 ಪೆಟ್ಟಿಗೆ ಎಂಬುದು ಸೇರಿದ ಮೇಲೆ ಮೊದಲನೆಯದು ಉಳಿಯುತ್ತದೆ, ಏಕೆಂದರೆ ಇನ್ನೊಂದರಲ್ಲಿ 15 ಪೆಟ್ಟಿಗೆಗಳಿವೆ. ಈ ಸಲ ಉತ್ತರ ಸಿ. ವಾಕ್ಯಗಳು ಅವೇ, ಬದಲಾದದ್ದು ಅಂಕಿಗಳು ಮಾತ್ರ. ಪ್ರಶ್ನೆಯ ರೂಪ ನೋಡಿ ಉತ್ತರ ಊಹಿಸಲಾಗದು, ಎಣಿಸಿಯೇ ನೋಡಬೇಕು.

ತೂಕ 35 ಕಿಲೋ ಎಂದಿಟ್ಟರೆ ಇನ್ನೊಂದು ಸೂಕ್ಷ್ಮ ಹೊರಗೆ ಬರುತ್ತದೆ. 1 ಕೆಂಪು, 7 ನೀಲಿ ಎಂಬುದು ಒಂದು ಉತ್ತರ. 5 ಕೆಂಪು, 0 ನೀಲಿ ಎಂಬುದು ಇನ್ನೊಂದು. ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ? ಪ್ರಶ್ನೆಯಲ್ಲಿ 'ಕೆಂಪು ಮತ್ತು ನೀಲಿ ಪೆಟ್ಟಿಗೆಗಳಿವೆ' ಎಂದಿದೆ. ಹಾಗಾಗಿ ನೀಲಿ ಒಂದೂ ಇಲ್ಲ ಎನ್ನುವಂತಿಲ್ಲ, ಉತ್ತರ ಒಂದೇ. 'ಎಲ್ಲ ಪೆಟ್ಟಿಗೆಗಳೂ ಕೆಂಪು ಇಲ್ಲವೇ ನೀಲಿ' ಎಂದು ಮಾತ್ರ ಬರೆದಿದ್ದರೆ ಸೊನ್ನೆಗೂ ಜಾಗವಿತ್ತು, ಆಗ ಎರಡು ಉತ್ತರ. ಸುಮ್ನೆ ಓದಿಕೊಂಡು ಹೋದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ಪೆಟ್ಟಿಗೆಗಳ ಜಾಗದಲ್ಲಿ ಕಂಬಿ ಇದ್ದಿದ್ದರೆ? ಕೆಂಪು ಕಂಬಿ ಮೀಟರಿಗೆ 7 ಕಿಲೋ, ನೀಲಿ ಕಂಬಿ ಮೀಟರಿಗೆ 4 ಕಿಲೋ, ಒಟ್ಟು ತೂಕ 41, ಒಟ್ಟು ಉದ್ದ 8 ಮೀಟರ್. ಕಂಬಿಯನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು. ಕೆಂಪು 2 ಮೀಟರ್, ನೀಲಿ 6.75 ಮೀಟರ್ ಇದ್ದರೂ 41 ಕಿಲೋ ಆಗುತ್ತದೆ. ಇಲ್ಲಿ ತೂಕ ಒಂದೇ ಸಾಲದು, ಉತ್ತರ ಸಿ.

ನನ್ನ ಅನಿಸಿಕೆ ಕೇಳಿದರೆ, ಎರಡು ಹೇಳಿಕೆಗಳು ಸೇರಿ ಚೊಕ್ಕವಾಗಿ ಬಿಡಿಸಬಹುದಾದ ಎರಡು ಸಮೀಕರಣಗಳಾಗಿ ಕಂಡಾಗಲೇ ಜಾಸ್ತಿ ಅನುಮಾನ ಪಡಬೇಕು. ಅಷ್ಟು ಸುಲಭವಾಗಿ ಸಿ ಸಿಗುತ್ತಿದೆ ಎಂದರೆ, ಒಂದೇ ಹೇಳಿಕೆಯಲ್ಲಿ ಕೆಲಸ ಮುಗಿಯುತ್ತದೆಯೇ ಎಂದು ಇನ್ನೊಮ್ಮೆ ನೋಡುವುದು ಒಳ್ಳೆಯದು. ಇದಕ್ಕೆ ತದ್ವಿರುದ್ಧವಾದ ಗುಂಡಿಯೂ ಇದೆ. 2x + 3y = 12 ಮತ್ತು 4x + 6y = 24 ನೋಡಲು ಎರಡು ಸಮೀಕರಣಗಳು. ಆದರೆ ಮೊದಲನೆಯದನ್ನೇ 2 ರಿಂದ ಗುಣಿಸಿದರೆ ಎರಡನೆಯದು. ಹೊಸ ಮಾಹಿತಿ ಏನೂ ಬರಲಿಲ್ಲ.

## ಸಂಖ್ಯೆ ಹಾಕಿ ನೋಡುವಾಗ

ಸಾಲದು ಎಂದು ತೋರಿಸಲು ಸುಲಭ ದಾರಿ ಸಂಖ್ಯೆಗಳನ್ನು ಹಾಕಿ ನೋಡುವುದು. ಇದರಲ್ಲಿ ಎರಡು ಎಚ್ಚರಿಕೆ ಬೇಕು.

ಮೊದಲನೆಯದು, ಆರಿಸಿದ ಸಂಖ್ಯೆ ಹೇಳಿಕೆಗೆ ಒಪ್ಪಬೇಕು. ಹೇಳಿಕೆ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ನಮ್ಮ ಕೆಲಸವಲ್ಲ, ಅದು ನಿಜವೇ. 'x² > x ಆಗಿದೆಯೇ?' ಎಂಬ ಪ್ರಶ್ನೆಗೆ x > 0 ಎಂಬ ಹೇಳಿಕೆ ಕೊಟ್ಟಿದ್ದರೆ, −3 ಹಾಕಿ ನೋಡಿ ಪ್ರಯೋಜನವಿಲ್ಲ. 2 ಹಾಕಿದರೆ 4 > 2, ಹೌದು. ಈಗ ಇನ್ನೊಂದು 'ಹೌದು' ಹುಡುಕುವುದು ಬೇಡ, 'ಇಲ್ಲ' ಎನ್ನಿಸುವ ಸಂಖ್ಯೆಯನ್ನೇ ಬೇಕೆಂದು ಹುಡುಕಬೇಕು. 3, 4, 5 ಹಾಕುತ್ತಾ ಹೋದರೆ ಸಿಗದು. 1/2 ಹಾಕಿ, ವರ್ಗ 1/4, ಅದು 1/2 ಕ್ಕಿಂತ ಚಿಕ್ಕದು. ಇಲ್ಲ ಎಂದು ಬಂತು, ಹೇಳಿಕೆ ಸಾಲದು. ನಿಯಮ ಮುರಿಯುವ ಸಂಖ್ಯೆಗಳು ಸಾಮಾನ್ಯವಾಗಿ ಸೊನ್ನೆ, ಒಂದು, ಭಿನ್ನರಾಶಿ, ಋಣಸಂಖ್ಯೆಗಳ ಹತ್ತಿರ ಇರುತ್ತವೆ.

ಎರಡನೆಯದು ಇನ್ನೂ ಮುಖ್ಯ. ಬೇರೆ ಬೇರೆ ಎರಡು ಉತ್ತರ ಸಿಕ್ಕರೆ 'ಸಾಲದು' ಎಂಬುದು ಸಾಬೀತಾಯಿತು, ಅಲ್ಲಿಗೆ ಮುಗಿಯಿತು. ಆದರೆ ಎಷ್ಟು ಸಲ ಒಂದೇ ಉತ್ತರ ಬಂದರೂ 'ಸಾಕು' ಎಂಬುದು ಸಾಬೀತಾಗುವುದಿಲ್ಲ. ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲಿ ಗುರುತಿಸಿದ ಒಂದು ಸೂತ್ರ ಇದಕ್ಕೆ ಒಳ್ಳೆಯ ಉದಾಹರಣೆ. n² + n + 41 ರಲ್ಲಿ n ಗೆ 1 ಹಾಕಿದರೆ 43, 2 ಹಾಕಿದರೆ 47, ಎರಡೂ ಅವಿಭಾಜ್ಯ ಸಂಖ್ಯೆಗಳು. 39 ರವರೆಗೆ ಯಾವುದನ್ನು ಹಾಕಿದರೂ ಅವಿಭಾಜ್ಯವೇ ಬರುತ್ತದೆ. 40 ಹಾಕಿದರೆ 1681, ಅದು 41 × 41. ಮೂವತ್ತೊಂಬತ್ತು ಸಲ 'ಹೌದು' ಬಂದ ಮೇಲೆ 'ಇಲ್ಲ' ಬಂತು. ಹಾಗಾಗಿ 'ಸಾಕು' ಎನ್ನಲು ಕಾರಣ ಬೇಕು. ಪೆಟ್ಟಿಗೆಗಳ ಲೆಕ್ಕದಲ್ಲಿ ಮಾಡಿದಂತೆ ಇರುವ ಎಲ್ಲ ಸಾಧ್ಯತೆಗಳನ್ನೂ ಮುಗಿಸಿರಬೇಕು, ಇಲ್ಲವೇ ಬೀಜಗಣಿತದಿಂದ ತೋರಿಸಬೇಕು.

## ಚಿಹ್ನೆ ಗೊತ್ತಿಲ್ಲದೆ ಗುಣಿಸಬೇಡಿ

ಇವೆಲ್ಲ ಒಟ್ಟಿಗೆ ಬರುವ ಒಂದು ಪ್ರಶ್ನೆ.

x < y ಆಗಿದೆಯೇ?
(1) x/y < 1
(2) y < 0

ಮೊದಲ ಹೇಳಿಕೆಯಲ್ಲಿ ಎರಡೂ ಕಡೆ y ನಿಂದ ಗುಣಿಸಿ x < y ಎಂದು ಬರೆಯಬೇಕೆನಿಸುತ್ತದೆ. ಬೇಡ. ಗುಣಿಸುವ ಸಂಖ್ಯೆ ಋಣವಾಗಿದ್ದರೆ 'ಚಿಕ್ಕದು' ಎಂಬ ಚಿಹ್ನೆ ತಿರುಗಿ 'ದೊಡ್ಡದು' ಆಗುತ್ತದೆ. y ಧನವೋ ಋಣವೋ ಈ ಹೇಳಿಕೆ ಹೇಳಿಲ್ಲ. x = 1, y = 2 ಹಾಕಿದರೆ ಭಾಗಲಬ್ಧ 1/2, ಹೇಳಿಕೆಗೆ ಒಪ್ಪುತ್ತದೆ, ಉತ್ತರ ಹೌದು. x = 1, y = −2 ಹಾಕಿದರೆ ಭಾಗಲಬ್ಧ −1/2, ಅದೂ ಒಪ್ಪುತ್ತದೆ, ಆದರೆ ಉತ್ತರ ಇಲ್ಲ. ಸಾಲದು.

ಎರಡನೆಯ ಹೇಳಿಕೆ x ಬಗ್ಗೆ ಏನೂ ಹೇಳುವುದಿಲ್ಲ. y = −2 ಇಟ್ಟುಕೊಂಡು x ಗೆ −3 ಹಾಕಿದರೆ ಹೌದು, 1 ಹಾಕಿದರೆ ಇಲ್ಲ. ಇದೂ ಸಾಲದು.

ಈಗ ಎರಡನ್ನೂ ಸೇರಿಸೋಣ. y ಋಣ ಎಂದು ಖಚಿತವಾಯಿತು. ಮೊದಲ ಹೇಳಿಕೆಯನ್ನು y ನಿಂದ ಗುಣಿಸಿದರೆ ಚಿಹ್ನೆ ತಿರುಗಿ x > y ಎಂದಾಗುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಯಾವಾಗಲೂ 'ಇಲ್ಲ'. ಖಚಿತವಾದ ಉತ್ತರ ಸಿಕ್ಕಿತು, ಆಯ್ಕೆ ಸಿ. 'ಇಲ್ಲ' ಬಂತೆಂದು ಇ ಆರಿಸಿದರೆ ಗಣಿತವೆಲ್ಲ ಸರಿ ಮಾಡಿಯೂ ಅಂಕ ಹೋಗುತ್ತದೆ.

## ಎರಡು ಹೇಳಿಕೆಗಳು ಜಗಳವಾಡುತ್ತಿದ್ದರೆ

ಎರಡೂ ಹೇಳಿಕೆಗಳು ನಿಜ ಎಂದಿದ್ದೆವಲ್ಲ, ಅದರಿಂದ ಒಂದು ತಪಾಸಣೆ ಪುಕ್ಕಟೆಯಾಗಿ ಸಿಗುತ್ತದೆ. ಮೊದಲನೆಯದರಿಂದ x = 4 ಮಾತ್ರ, ಎರಡನೆಯದರಿಂದ x = 6 ಮಾತ್ರ ಎಂದು ಬರಲು ಸಾಧ್ಯವಿಲ್ಲ. ಹಾಗೆ ಬಂದರೆ ನಮ್ಮ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ. ಹೌದು, ಇಲ್ಲ ಪ್ರಶ್ನೆಗಳಲ್ಲೂ ಅಷ್ಟೇ. ಒಂದು ಯಾವಾಗಲೂ ಹೌದು, ಇನ್ನೊಂದು ಯಾವಾಗಲೂ ಇಲ್ಲ ಎಂದರೆ ಡಿ ಎಂದು ಗುರುತು ಹಾಕುವ ಮೊದಲು ಲೆಕ್ಕವನ್ನು ಮತ್ತೆ ನೋಡಬೇಕು.

ಒಂದೊಂದು ಹೇಳಿಕೆಗೂ ಹಲವು ಉತ್ತರ ಬಂದಾಗ ಅವನ್ನು ಅಕ್ಕಪಕ್ಕ ಪಟ್ಟಿಯಾಗಿ ಬರೆಯಿರಿ. 'ಸೇರಿಸುವುದು' ಎಂದರೆ ಎರಡೂ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಉಳಿಸಿಕೊಳ್ಳುವುದು. x ಎಷ್ಟು ಎಂಬ ಪ್ರಶ್ನೆಗೆ x² = 9 ಕೊಡುವುದು 3 ಮತ್ತು −3. (x − 3)(x − 5) = 0 ಕೊಡುವುದು 3 ಮತ್ತು 5. ಎರಡರಲ್ಲೂ ಇರುವುದು 3 ಒಂದೇ, ಹಾಗಾಗಿ ಸಿ. ಎರಡನೆಯದರ ಜಾಗದಲ್ಲಿ x⁴ = 81 ಇದ್ದರೆ ಪಟ್ಟಿ ಮತ್ತೆ 3 ಮತ್ತು −3. ಸೇರಿಸಿದರೂ ಎರಡೂ ಉಳಿಯುತ್ತವೆ, ಉತ್ತರ ಇ.